ಹೆಪ್ಪುಗಟ್ಟಿದ ಎಣ್ಣೆ, ಅಮಾನತಾದ ಖಾತೆ: ಆನ್‌ಲೈನ್ ಮಾರಾಟಗಾರನ ಮೇಲ್ಮನವಿ ಹೇಗಿರಬೇಕು

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಮೊಬೈಲ್ ನೋಡಿದರೆ ಹೊಸ ಆರ್ಡರ್ ಒಂದೂ ಇರಲಿಲ್ಲ. ಹಬ್ಬದ ಮಂದಗತಿ ಎಂದುಕೊಂಡೆ. ಮಧ್ಯಾಹ್ನ ಮಿಂಚಂಚೆ ತೆರೆದಾಗ ಗೊತ್ತಾಯಿತು: ನಮ್ಮ ಮಾರಾಟಗಾರ ಖಾತೆಯನ್ನು ಅಮಾನತಿನಲ್ಲಿ ಇಡಲಾಗಿದೆ, ಬಾಕಿ ಹಣವನ್ನು 90 ದಿನಗಳವರೆಗೆ ತಡೆಹಿಡಿಯಬಹುದು, ಕಾರಣ ‘ಉತ್ಪನ್ನದ ಗುಣಮಟ್ಟದ ಬಗ್ಗೆ ಗ್ರಾಹಕರ ದೂರುಗಳು’.

ತಿಪಟೂರಿನ ಹತ್ತಿರ ನಮ್ಮದು ಸಣ್ಣ ಗಾಣ. ಉಂಡೆ ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ. ಆಯುವಾಗ ಒಡೆದದ್ದು, ಆಕಾರ ಕೆಟ್ಟದ್ದು ಗಾಣಕ್ಕೆ ಬರುತ್ತದೆ. ಎಣ್ಣೆಯನ್ನು 500 ಮಿಲಿಲೀಟರಿನ ಬಾಟಲಿಗೆ ತುಂಬಿ ಒಂದು ದೊಡ್ಡ ಮಾರಾಟ ತಾಣದಲ್ಲಿ ಮಾರುತ್ತೇವೆ. ನಾನು ಗಾಣ ಮತ್ತು ಲೆಕ್ಕ ನೋಡಿಕೊಂಡರೆ, ಅತ್ತಿಗೆ ತುಂಬುವುದು, ಮುಚ್ಚಳ ಬಿಗಿಯುವುದು, ಪೆಟ್ಟಿಗೆ ಕಟ್ಟುವುದನ್ನು ನೋಡಿಕೊಳ್ಳುತ್ತಾರೆ. ಖಾತೆ ವಾಪಸ್ ಬರಲು 25 ದಿನ ಹಿಡಿಯಿತು. ಅದರಲ್ಲಿ ಮೊದಲ 12 ದಿನ ನನ್ನ ಸಿಟ್ಟಿಗೆ ತೆತ್ತ ದಂಡ. ನಿಮಗೆ ಆ ದಂಡ ಬೀಳದಿರಲಿ ಎಂದು ನಡೆದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ದಿನ: ಉತ್ತರ ಬರೆಯಬೇಡಿ

ನಾನು ಮಾಡಿದ್ದು ಇದರ ತದ್ವಿರುದ್ಧ. ಆ ರಾತ್ರಿಯೇ ಕುಳಿತು ಮೂರು ಪುಟ ಬರೆದೆ. ನಮ್ಮ ಅಜ್ಜನ ಕಾಲದ ಗಾಣದ ಕಥೆ, ಉತ್ತರ ಭಾರತದವರಿಗೆ ತೆಂಗಿನೆಣ್ಣೆಯೇ ಗೊತ್ತಿಲ್ಲ ಎಂಬ ಟೀಕೆ, ಕೊರಿಯರಿನವರು ಪೆಟ್ಟಿಗೆ ಎಸೆಯುತ್ತಾರೆ ಎಂಬ ದೂರು, ಕೊನೆಗೆ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂಬ ಬೆದರಿಕೆ. ಜೊತೆಗೆ 23 ಫೋಟೋ. ಎರಡನೆಯ ದಿನ ಎರಡು ಸಾಲಿನ ಉತ್ತರ ಬಂತು: ನೀವು ಕೊಟ್ಟ ಮಾಹಿತಿ ಸಾಲದು. ಅದನ್ನು ಓದಿದ ಅತ್ತಿಗೆ, “ನೀವು ಬರೆದದ್ದರಲ್ಲಿ ಎಷ್ಟು ಬಾಟಲಿ ಸೋರಿತು ಅಂತ ಎಲ್ಲಿಯೂ ಇಲ್ಲವಲ್ಲ” ಎಂದರು. ಅವರ ಮಾತು ಸರಿಯಾಗಿತ್ತು.

ಆ ದಿನ ಮಾಡಬೇಕಾದದ್ದು ಬೇರೆಯೇ ಇದೆ. ಮೊದಲು ಬಂದ ನೋಟಿಸನ್ನು ಮುದ್ರಿಸಿಕೊಂಡು ಪೆನ್ನು ಹಿಡಿದು ಓದಿ. ಯಾವ ನಿಯಮವನ್ನು ಮುರಿದಿದ್ದೀರಿ ಎನ್ನುತ್ತಾರೆ, ಯಾವ ಉತ್ಪನ್ನ, ಯಾವ ಆರ್ಡರುಗಳು, ನಿಮ್ಮಿಂದ ಏನು ಕೇಳುತ್ತಿದ್ದಾರೆ, ಎಷ್ಟು ದಿನದೊಳಗೆ ಎಂಬುದಕ್ಕೆ ಅಡಿಗೆರೆ ಹಾಕಿ. ಅಮಾನತು ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ಅಸಲಿಗೆ ಮೂರು ಬಗೆಯದು. ಒಂದು ಉತ್ಪನ್ನದ ಪುಟವನ್ನಷ್ಟೇ ತೆಗೆದಿರಬಹುದು. ಗುರುತಿನ ದಾಖಲೆ ಹೊಂದಿಕೆಯಾಗದೆ ಖಾತೆಯನ್ನು ತಡೆದಿರಬಹುದು. ಇಲ್ಲವೇ ನಮ್ಮಂತೆ ನಡವಳಿಕೆಯ ಕಾರಣಕ್ಕೆ ಇಡೀ ಖಾತೆ ನಿಂತಿರಬಹುದು. ದಾಖಲೆ ಕೇಳಿದವರಿಗೆ ವಿವರಣೆ ಕೊಟ್ಟರೂ, ವಿವರಣೆ ಕೇಳಿದವರಿಗೆ ದಾಖಲೆ ಕೊಟ್ಟರೂ ಮನವಿ ಬಿದ್ದುಹೋಗುತ್ತದೆ.

ಎರಡನೆಯದು, ಅಮಾನತಿಗೆ ಮೊದಲೇ ಬಂದಿದ್ದ ಆರ್ಡರುಗಳನ್ನು ಗಡುವಿನೊಳಗೆ ಕಳುಹಿಸಿ. ಖಾತೆ ನಿಂತಿತು ಎಂದು ಕೈಚೆಲ್ಲಿ ಕುಳಿತರೆ ತಡವಾದ ಆರ್ಡರುಗಳ ಲೆಕ್ಕವೂ ನಿಮ್ಮ ತಲೆಗೇ ಬರುತ್ತದೆ. ಮೂರನೆಯದು, ಒಳಗೆ ಹೋಗಲು ಬಿಡುವವರೆಗೆ ಆರ್ಡರ್, ಮರಳಿಕೆ ಮತ್ತು ಪಾವತಿ ವರದಿಗಳನ್ನು ಇಳಿಸಿಕೊಂಡುಬಿಡಿ. ಮುಂದಿನ ಎಲ್ಲ ಕೆಲಸಕ್ಕೂ ಅವೇ ಆಧಾರ.

ಮಾಡಬಾರದ ಒಂದು ಕೆಲಸವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೆಂಡತಿಯ ಹೆಸರಿನಲ್ಲಿಯೋ ತಮ್ಮನ ಹೆಸರಿನಲ್ಲಿಯೋ ಇನ್ನೊಂದು ಖಾತೆ ತೆರೆಯಿರಿ ಎಂದು ನನಗೆ ಮೂವರು ಸಲಹೆ ಕೊಟ್ಟರು. ತಾಣದವರು ಹೆಸರನ್ನು ಮಾತ್ರ ನೋಡುವುದಿಲ್ಲ. ಅದೇ ಲ್ಯಾಪ್‌ಟಾಪ್, ಅದೇ ಬ್ರಾಡ್‌ಬ್ಯಾಂಡ್, ಅದೇ ಬ್ಯಾಂಕ್ ಖಾತೆ, ಸರಕು ಹೊರಡುವ ಅದೇ ವಿಳಾಸ, ಇವೆಲ್ಲ ಹೊಂದಿಕೆಯಾದರೆ ಹೊಸ ಖಾತೆಯನ್ನು ಹಳೆಯದಕ್ಕೆ ಗಂಟು ಹಾಕುತ್ತಾರೆ. ಆಗ ಎರಡೂ ಹೋಗುತ್ತವೆ, ಮತ್ತು ಎರಡನೆಯದಕ್ಕೆ ವಂಚನೆಯ ಬಣ್ಣ ಬರುತ್ತದೆ. ನಮ್ಮ ಊರುಗಳಲ್ಲಿ ಒಂದೇ ಕಂಪ್ಯೂಟರ್ ಸೆಂಟರಿನಲ್ಲಿ ಹತ್ತಾರು ಜನರ ಖಾತೆ ತೆರೆದುಕೊಡುವ ರೂಢಿ ಇದೆ. ಅವರಲ್ಲೊಬ್ಬನ ಖಾತೆ ಬಿದ್ದರೆ ಉಳಿದವರಿಗೂ ತಟ್ಟುವುದು ಇದೇ ಕಾರಣಕ್ಕೆ. ನಿಮ್ಮ ಖಾತೆಗೆ ನಿಮ್ಮದೇ ಯಂತ್ರ, ನಿಮ್ಮದೇ ಮೊಬೈಲ್ ಸಂಖ್ಯೆ ಇರಲಿ.

ದೂರುಗಳನ್ನು ಗುಂಪು ಮಾಡಿ ನೋಡುವುದು

ಮನವಿಯ ಜೀವ ಇರುವುದು ಈ ಹಂತದಲ್ಲಿ. ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗಿನ 60 ದಿನಗಳಲ್ಲಿ ನಮಗೆ ಬಂದಿದ್ದ ಆರ್ಡರ್ 214. ದೂರು 11. ಅಂದರೆ ಶೇ 5ಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ತಾಣ ಒಪ್ಪುವುದು ಶೇ 1ರೊಳಗಿನ ದೋಷವನ್ನು. ಈ ಲೆಕ್ಕ ಹಾಕಿದ ಮೇಲೆ ‘ನಮಗೆ ಅನ್ಯಾಯವಾಗಿದೆ’ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ.

ಹನ್ನೊಂದು ದೂರನ್ನೂ ಒಂದು ಹಾಳೆಗೆ ಇಳಿಸಿದೆ. ಗ್ರಾಹಕರು ಬರೆದ ಮಾತು ಹಾಗೆಯೇ, ಕಳುಹಿಸಿದ ದಿನ, ಪಿನ್‌ಕೋಡ್, ಬಾಟಲಿ ತುಂಬಿದ ದಿನ ಎಂದು ನಾಲ್ಕೇ ಕಲಂ. ಪಿನ್‌ಕೋಡಿನ ಪ್ರಕಾರ ಜೋಡಿಸಿದೊಡನೆ ಅರ್ಧ ಕಥೆ ಹೊರಬಂತು.

ಐದು ದೂರುಗಳು ‘ಎಣ್ಣೆ ಬಿಳಿ ಮೇಣದಂತಿದೆ, ಕಲಬೆರಕೆ’ ಎಂದಿದ್ದವು. ಐದೂ ಹೋಗಿದ್ದು 1 ಅಥವಾ 2ರಿಂದ ಶುರುವಾಗುವ ಪಿನ್‌ಕೋಡಿಗೆ, ಅಂದರೆ ದೆಹಲಿ, ಹರಿಯಾಣ, ಪಂಜಾಬ್, ಉತ್ತರ ಪ್ರದೇಶದ ಕಡೆಗೆ, ಡಿಸೆಂಬರ್ ಮತ್ತು ಜನವರಿಯಲ್ಲಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಕಡೆಯೂ ಮಾರ್ಗಶಿರದ ಬೆಳಗಿನಲ್ಲಿ ಬಾಟಲಿ ಬಿಸಿಲಿಗಿಟ್ಟು ತಲೆಗೆ ಹಚ್ಚಿಕೊಳ್ಳುತ್ತೇವೆ, ಅದಕ್ಕೆ ಯಾರೂ ಬೆರಗಾಗುವುದಿಲ್ಲ. ಆದರೆ ಸಾಸಿವೆ ಎಣ್ಣೆ ಬಳಸಿ ಬೆಳೆದವರಿಗೆ ಚಳಿಯಲ್ಲಿ ಗಟ್ಟಿಯಾದ ಎಣ್ಣೆ ಮೋಸದಂತೆಯೇ ಕಾಣುತ್ತದೆ. ತಪ್ಪು ಎಣ್ಣೆಯದಲ್ಲ, ಗ್ರಾಹಕರದೂ ಅಲ್ಲ. ನಮ್ಮ ಉತ್ಪನ್ನದ ಪುಟದಲ್ಲಿ ಈ ಮಾತು ಒಂದು ಸಾಲೂ ಇರಲಿಲ್ಲ. ತಪ್ಪು ಅಲ್ಲಿದೆ, ಮತ್ತು ಅದು ನಮ್ಮದು.

ನಾಲ್ಕು ದೂರು ಸೋರಿಕೆಯದು. ಇದರಲ್ಲಿ ಪಿನ್‌ಕೋಡಿನಿಂದ ಏನೂ ತಿಳಿಯಲಿಲ್ಲ. ತುಂಬಿದ ದಿನವನ್ನು ನೋಡಿದಾಗ ಮೂರು ಬಾಟಲಿ ಡಿಸೆಂಬರಿನ ಒಂದೇ ವಾರದವು ಎಂದು ಗೊತ್ತಾಯಿತು. ಆ ವಾರ ಹಳೆಯ ಮುಚ್ಚಳ ಮುಗಿದು ಬೇರೆ ಅಂಗಡಿಯಿಂದ ತಂದಿದ್ದೆವು. ಹಳೆಯ ಮುಚ್ಚಳದೊಳಗೆ ಬಾಟಲಿಯ ಬಾಯಿಗೆ ಒತ್ತಿಕೊಳ್ಳುವ ತೆಳು ಬಿಲ್ಲೆ ಇತ್ತು, ಹೊಸದರಲ್ಲಿ ಇರಲಿಲ್ಲ. ಹೊರಗಿನಿಂದ ಎರಡೂ ಒಂದೇ. ಅದರ ಮೇಲೆ, ಗ್ರಾಹಕರಿಗೆ ಕಡಿಮೆ ಅನಿಸಬಾರದು ಎಂದು ಕಂಠದವರೆಗೆ ತುಂಬುತ್ತಿದ್ದೆವು. 500 ಮಿಲಿಲೀಟರ್ ಎಣ್ಣೆಯ ಬಿಸಿ 20 ಡಿಗ್ರಿ ಏರಿದರೆ ಅದು ಸುಮಾರು 7 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ಲಾರಿಯೊಳಗೆ ಅಷ್ಟು ಎಣ್ಣೆಗೆ ಜಾಗ ಬೇಕು. ಬಾಟಲಿಯಲ್ಲಿ ಜಾಗವಿಲ್ಲದಿದ್ದರೆ ಅದು ಮುಚ್ಚಳದ ಸಂದಿಯಿಂದ ದಾರಿ ಹುಡುಕುತ್ತದೆ. ನಾಲ್ಕನೆಯ ಬಾಟಲಿ ಯಾಕೆ ಸೋರಿತು ಎಂದು ನನಗೆ ತಿಳಿಯಲಿಲ್ಲ. ಮನವಿಯಲ್ಲಿ ಹಾಗೆಂದೇ ಬರೆದೆ.

ಉಳಿದ ಎರಡು ದೂರು ತೂಕದ್ದು. ಒಬ್ಬರು ಎಣ್ಣೆಯನ್ನು ಬೇರೆ ಪಾತ್ರೆಗೆ ಸುರಿದು ತೂಗಿ, 455 ಗ್ರಾಂ ಮಾತ್ರ ಇದೆ ಎಂದು ತಕ್ಕಡಿಯ ಫೋಟೋ ಹಾಕಿದ್ದರು. ತೆಂಗಿನೆಣ್ಣೆ ನೀರಿಗಿಂತ ಹಗುರ. 500 ಮಿಲಿಲೀಟರ್ ತೂಗಿದರೆ ಬರುವುದು ಅಷ್ಟೇ. ಆದರೆ ಇದರಲ್ಲಿಯೂ ನಾವು ಪೂರ್ತಿ ನಿರ್ದೋಷಿಗಳಲ್ಲ. ಖಾದ್ಯ ತೈಲದ ಪೊಟ್ಟಣದ ಮೇಲೆ ಅಳತೆಯ ಜೊತೆಗೆ ತೂಕವನ್ನೂ ನಮೂದಿಸಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿಯೇ ತಯಾರಕರಿಗೆ ಸೂಚಿಸಿತ್ತು. ನಮ್ಮ ಲೇಬಲ್ ಅದಕ್ಕಿಂತ ಹಳೆಯದು, 500 ಮಿ.ಲೀ. ಎಂದಷ್ಟೇ ಇತ್ತು.

ನಿಮ್ಮ ಸರಕು ಬೇರೆ ಇರಬಹುದು, ವಿಧಾನ ಇದೇ. ದೂರಿನ ಪದಗಳನ್ನು ಓದಿ ಸಮರ್ಥನೆ ಹುಡುಕಬೇಡಿ. ಊರು, ದಿನ, ತುಂಬಿದ ಕೈ, ಬಳಸಿದ ಸಾಮಾನು, ಈ ನಾಲ್ಕರ ಪ್ರಕಾರ ಒಂದೊಂದು ಸಲ ಜೋಡಿಸಿ ನೋಡಿ. ಒಂದಲ್ಲ ಒಂದು ಜೋಡಣೆಯಲ್ಲಿ ದೂರುಗಳು ಒಟ್ಟಿಗೆ ಬಂದು ಕೂರುತ್ತವೆ.

ಮನವಿ

ಬರೆಯುವಾಗ ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಸಣ್ಣ ಸಣ್ಣ ವಾಕ್ಯಗಳ ಇಂಗ್ಲಿಷಿಗೆ ತಂದೆ. ನೇರವಾಗಿ ಇಂಗ್ಲಿಷಿನಲ್ಲಿ ಶುರು ಮಾಡಿದರೆ ನಮ್ಮಂಥವರ ಕೈಯಲ್ಲಿ ‘ತಮ್ಮ ಅಮೂಲ್ಯ ಸಂಸ್ಥೆಯ’ ಎಂಬ ಬಗೆಯ ಮಾತೇ ಅರ್ಧ ಪುಟ ತುಂಬುತ್ತದೆ. ಮನವಿ ಓದುವವರ ಮುಂದೆ ಇಂಥವು ರಾಶಿ ಬಿದ್ದಿರುತ್ತವೆ. ಅವರು ಹುಡುಕುವುದು ಮೂರು ವಿಷಯ: ಏನು ತಪ್ಪಾಯಿತು, ಈಗಾಗಲೇ ಏನು ಮಾಡಿದ್ದೀರಿ, ಮತ್ತೆ ಆಗದಂತೆ ಏನು ಬದಲಿಸಿದ್ದೀರಿ. ಒಂದು ಪುಟ ಮೀರಬೇಡಿ. ನಾನು ಎರಡನೆಯ ಸಲ ಕಳುಹಿಸಿದ್ದರ ಕನ್ನಡ ರೂಪ ಇದು:

> ವಿಷಯ: ಮಾರಾಟಗಾರ ಖಾತೆಯ ಅಮಾನತಿನ ವಿರುದ್ಧ ಮನವಿ, ತೆಂಗಿನೆಣ್ಣೆ 500 ಮಿ.ಲೀ.
>
> ಕಳೆದ 60 ದಿನಗಳ 214 ಆರ್ಡರುಗಳಲ್ಲಿ 11 ಗ್ರಾಹಕರು ದೂರು ನೀಡಿದ್ದಾರೆ. ಪ್ರತಿಯೊಂದನ್ನೂ ಪರಿಶೀಲಿಸಿದ್ದೇವೆ. ಆರ್ಡರ್ ಸಂಖ್ಯೆಗಳ ಪಟ್ಟಿ ಲಗತ್ತಿಸಿದೆ.
>
> ಏನಾಯಿತು: ಐದು ಬಾಟಲಿಗಳಲ್ಲಿ ಎಣ್ಣೆ ಚಳಿಯಿಂದ ಹೆಪ್ಪುಗಟ್ಟಿತ್ತು. ಇದು ತೆಂಗಿನೆಣ್ಣೆಯ ಸಹಜ ಗುಣ, ಆದರೆ ಅದನ್ನು ನಾವು ಉತ್ಪನ್ನದ ಪುಟದಲ್ಲಿ ತಿಳಿಸಿರಲಿಲ್ಲ. ನಾಲ್ಕು ಬಾಟಲಿಗಳು ಸೋರಿದವು. ಅವುಗಳಲ್ಲಿ ಮೂರಕ್ಕೆ ಡಿಸೆಂಬರಿನಲ್ಲಿ ತಂದ, ಒಳಬಿಲ್ಲೆ ಇಲ್ಲದ ಮುಚ್ಚಳ ಹಾಕಲಾಗಿತ್ತು. ಒಂದರ ಕಾರಣ ಪತ್ತೆಯಾಗಿಲ್ಲ. ಬಾಟಲಿಗಳನ್ನು ಕಂಠದವರೆಗೆ ತುಂಬುತ್ತಿದ್ದದ್ದೂ ನಮ್ಮ ತಪ್ಪು. ಎರಡು ದೂರುಗಳು ತೂಕ ಕಡಿಮೆ ಎಂಬುದು. ಲೇಬಲಿನಲ್ಲಿ ಗ್ರಾಂ ಲೆಕ್ಕ ಇರಲಿಲ್ಲ.
>
> ಈಗಾಗಲೇ ಮಾಡಿದ್ದು: 11 ಗ್ರಾಹಕರಿಗೂ ಪೂರ್ತಿ ಹಣ ಹಿಂದಿರುಗಿಸಿದ್ದೇವೆ. ಆ ಮುಚ್ಚಳ ಹಾಕಿದ್ದ, ದಾಸ್ತಾನಿನಲ್ಲಿದ್ದ 62 ಬಾಟಲಿಗಳನ್ನು ಜನವರಿ 20ರಂದು ಹಿಂತೆಗೆದಿದ್ದೇವೆ. ಉಳಿದ ಮುಚ್ಚಳಗಳನ್ನು ಅಂಗಡಿಗೆ ವಾಪಸ್ ಮಾಡಿದ್ದೇವೆ.
>
> ಇನ್ನು ಮುಂದೆ: ಪ್ರತಿ ಬಾಟಲಿಯ ಬಾಯಿಗೆ ಫಾಯಿಲ್ ಸೀಲ್ ಹಾಕುತ್ತೇವೆ, ಯಂತ್ರ ಕೊಂಡ ಬಿಲ್ ಲಗತ್ತಿಸಿದೆ. ಕಳುಹಿಸುವ ಮೊದಲು ಪ್ರತಿ ದಿನದ ಬಾಟಲಿಗಳನ್ನು 12 ಗಂಟೆ ತಲೆಕೆಳಗಾಗಿ ಇಟ್ಟು ನೋಡುತ್ತೇವೆ. ಹೊಸ ಲೇಬಲಿನಲ್ಲಿ ‘500 ಮಿ.ಲೀ. (455 ಗ್ರಾಂ)’ ಎಂದಿದೆ. ಖಾತೆ ತೆರೆದ ದಿನವೇ ಹೆಪ್ಪುಗಟ್ಟಿದ ಬಾಟಲಿಯ ಚಿತ್ರ ಮತ್ತು ವಿವರಣೆಯನ್ನು ಉತ್ಪನ್ನದ ಪುಟಕ್ಕೆ ಸೇರಿಸುತ್ತೇವೆ; ಕರಡು ಲಗತ್ತಿಸಿದೆ.
>
> ಖಾತೆಯನ್ನು ಮರುಪರಿಶೀಲಿಸಬೇಕೆಂದು ಕೋರುತ್ತೇವೆ.

ಇದರಲ್ಲಿ ಇಲ್ಲದ್ದನ್ನು ಗಮನಿಸಿ. ಕುಟುಂಬದ ಕಷ್ಟ ಇಲ್ಲ. ಅದು ಸುಳ್ಳೆಂದಲ್ಲ, ಓದುವವರ ತೀರ್ಮಾನಕ್ಕೆ ಅದರಿಂದ ಆಧಾರ ಸಿಗುವುದಿಲ್ಲ. ಕೊರಿಯರಿನವರ ಮೇಲೆ ದೂರು ಇಲ್ಲ. ಅವರು ಪೆಟ್ಟಿಗೆ ಎಸೆಯುವುದು ನಿಜವಿದ್ದರೂ, ಎಸೆತ ತಾಳುವಂತೆ ಕಟ್ಟುವುದು ನಮ್ಮ ಕೆಲಸ ಎಂದೇ ತಾಣದವರು ನೋಡುತ್ತಾರೆ. ‘ಇನ್ನು ಮುಂದೆ ಎಚ್ಚರ ವಹಿಸುತ್ತೇವೆ’ ಎಂಬ ಸಾಲೂ ಇಲ್ಲ. ಎಚ್ಚರ ವಹಿಸುವುದು ಎಂದರೆ ಯಾರು, ಯಾವಾಗ, ಏನು ಮಾಡುತ್ತಾರೆ ಎಂದು ಬರೆಯಲಾಗದಿದ್ದರೆ ಆ ಸಾಲು ಬರೆಯದಿರುವುದೇ ಮೇಲು. ‘ಮಾಡುತ್ತೇವೆ’ ಎಂದದ್ದಕ್ಕಿಂತ ‘ಮಾಡಿದ್ದೇವೆ’ ಎಂದದ್ದಕ್ಕೆ ತೂಕ ಹೆಚ್ಚು. ಅದಕ್ಕಾಗಿಯೇ ಸೀಲಿಂಗ್ ಯಂತ್ರವನ್ನು ಮನವಿಗೆ ಮೊದಲು ಕೊಂಡು ಬಿಲ್ ಸೇರಿಸಿದೆ.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಿದ್ಧ ಮನವಿಗಳು ಓಡಾಡುತ್ತವೆ. ನಾನೂ ಒಂದನ್ನು ನೋಡಿದೆ. ಯಾರದೋ ಚಪ್ಪಲಿ ಅಂಗಡಿಗೆ ಬರೆದದ್ದು, ‘ಅಳತೆ ಪಟ್ಟಿಯನ್ನು ಸರಿಪಡಿಸಿದ್ದೇವೆ’ ಎಂಬ ಸಾಲು ಹಾಗೆಯೇ ಇತ್ತು. ಹಣ ಕೊಟ್ಟರೆ ಒಳಗಿನವರಿಂದ ಖಾತೆ ತೆರೆಸಿಕೊಡುತ್ತೇವೆ ಎನ್ನುವವರೂ ಅಲ್ಲಿಯೇ ಇರುತ್ತಾರೆ. ಅವರು ಮುಂಗಡದ ಜೊತೆಗೆ ಲಾಗಿನ್ ವಿವರ, ಒಟಿಪಿ ಕೇಳುತ್ತಾರೆ. ಕೊಟ್ಟವರು ಬಾಕಿ ಹಣದ ಆಸೆಯನ್ನೂ ಬಿಡಬೇಕಾಗುತ್ತದೆ. ಈಗಾಗಲೇ ಕೊಟ್ಟುಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದಾಖಲೆ ಕೇಳಿದಾಗ

ಮನವಿ ಕಳುಹಿಸಿದ್ದು ಜನವರಿ 27ರಂದು. ಮೂರು ದಿನದ ಮೇಲೆ ಉತ್ತರ ಬಂತು: ಕಳೆದ 365 ದಿನಗಳ ಖರೀದಿ ಬಿಲ್ಲುಗಳನ್ನು ಕಳುಹಿಸಿ.

ನಮ್ಮಂಥವರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಈ ಪ್ರಶ್ನೆ ಸಗಟು ಅಂಗಡಿಯಿಂದ ಕೊಂಡು ಮಾರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದು. ನಾವು ಎಣ್ಣೆ ಕೊಳ್ಳುವುದಿಲ್ಲ, ಗಾಣದಲ್ಲಿ ತೆಗೆಯುತ್ತೇವೆ. ಕೊಬ್ಬರಿಯಲ್ಲಿ ಅರ್ಧ ನಮ್ಮ ತೋಟದ್ದು, ಉಳಿದದ್ದು ಅಕ್ಕಪಕ್ಕದ ರೈತರದು ಮತ್ತು ಮಂಡಿಯದು. ನೆರೆಯ ರೈತರು ಬಿಲ್ ಕೊಡುತ್ತಾರೆಯೇ? ಆ ಸಂಜೆ ಪರಿಚಯದ ಅಂಗಡಿಯವರೊಬ್ಬರು, ಬೇಕಾದರೆ ಹಳೆಯ ತಾರೀಖಿನ ಬಿಲ್ ಹಾಕಿಕೊಡುತ್ತೇನೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ತಾಣದವರು ಬಿಲ್ಲಿನ ಮೇಲಿರುವ ಸಂಖ್ಯೆಗೆ ಕರೆ ಮಾಡಿ ವಿಚಾರಿಸುವುದುಂಟು, ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲಿನಲ್ಲಿ ಯಾರು ಬೇಕಾದರೂ ನೋಡಬಹುದು. ಗುಣಮಟ್ಟದ ದೂರಿಗೆ ಕ್ಷಮೆ ಇದೆ. ತಿದ್ದಿದ ದಾಖಲೆ ಸಿಕ್ಕಿಬಿದ್ದರೆ ಖಾತೆ ಶಾಶ್ವತವಾಗಿ ಹೋಗುತ್ತದೆ.

ನಾನು ಕಳುಹಿಸಿದ್ದು ಇವು. ನಾವೇ ತಯಾರಕರು ಎಂದು ತೋರಿಸುವ ಎಫ್‌ಎಸ್‌ಎಸ್‌ಎಐ ಪರವಾನಗಿ. ಅದರ 14 ಅಂಕಿಯ ಸಂಖ್ಯೆ ಲೇಬಲಿನ ಮೇಲಿನದಕ್ಕೆ ತಾಳೆಯಾಗುತ್ತದೆಯೇ ಎಂದು ಎರಡು ಸಲ ನೋಡಿದೆ. ಎಪಿಎಂಸಿ ಮಂಡಿಯಲ್ಲಿ ಕೊಬ್ಬರಿ ಕೊಂಡಾಗ ಕೊಟ್ಟಿದ್ದ ಆರು ಬಿಲ್ಲು. ಬಾಟಲಿ, ಮುಚ್ಚಳ, ಲೇಬಲ್ ಕೊಂಡ ಬಿಲ್ಲು. ಜೊತೆಗೆ ನಾಲ್ಕು ಸಾಲಿನ ಟಿಪ್ಪಣಿ: ‘ನಾವು ಮರುಮಾರಾಟಗಾರರಲ್ಲ, ತಯಾರಕರು. ಆದ್ದರಿಂದ ಎಣ್ಣೆಯ ಖರೀದಿ ಬಿಲ್ ಇರುವುದಿಲ್ಲ. ಕಚ್ಚಾವಸ್ತು ಮತ್ತು ಪ್ಯಾಕಿಂಗ್ ಸಾಮಗ್ರಿಯ ಬಿಲ್ಲುಗಳನ್ನು ಲಗತ್ತಿಸಿದೆ. ಸ್ವಂತ ತೋಟದ ಕೊಬ್ಬರಿಗೆ ಬಿಲ್ ಇಲ್ಲ.’ ಕೇಳಿದ್ದು ನಮ್ಮಲ್ಲಿ ಇಲ್ಲದಿದ್ದರೆ, ಯಾಕಿಲ್ಲ ಎಂದು ಹೇಳಿ ಅದಕ್ಕೆ ಹತ್ತಿರದ್ದನ್ನು ಕೊಡಬೇಕು. ಸುಮ್ಮನೆ ಹತ್ತಿರದ್ದನ್ನು ಮಾತ್ರ ಕಳುಹಿಸಿದರೆ ಕೇಳಿದ್ದನ್ನು ಕೊಟ್ಟಿಲ್ಲ ಎಂದು ತಿರಸ್ಕರಿಸುತ್ತಾರೆ. ದಾಖಲೆಗಳನ್ನು ಮೊಬೈಲಿನಲ್ಲಿ ಓರೆಯಾಗಿ ತೆಗೆದು ಕಳುಹಿಸಬೇಡಿ. ನಾಲ್ಕು ಮೂಲೆಯೂ ಕಾಣುವಂತೆ ಸ್ಕ್ಯಾನ್ ಮಾಡಿಸಿ, ಕಡತಕ್ಕೆ ‘ಮಂಡಿ ಬಿಲ್, ಮಾರ್ಚ್’ ಎಂಬಂತೆ ಗುರುತು ಸಿಗುವ ಹೆಸರಿಡಿ.

ಇಷ್ಟಾದ ಮೇಲೆ ಒಂಬತ್ತು ದಿನ ಏನೂ ಬರಲಿಲ್ಲ. ಆ ದಿನಗಳಲ್ಲಿ ಹೊಸ ಹೊಸ ಮನವಿ ಕಳುಹಿಸುವುದು ಬೇಡ. ಪ್ರತಿಯೊಂದು ಹೊಸ ಪತ್ರವೂ ಸಾಲಿನ ಕೊನೆಗೆ ಹೋಗಬಹುದು, ಮೇಲಾಗಿ ಎರಡು ಪತ್ರದಲ್ಲಿ ಎರಡು ಮಾತು ಬಂದರೆ ಎರಡೂ ನಂಬಿಕೆ ಕಳೆದುಕೊಳ್ಳುತ್ತವೆ. ಹಳೆಯ ಎಳೆಯಲ್ಲಿಯೇ ವಾರಕ್ಕೊಮ್ಮೆ ಒಂದು ಸಾಲಿನ ವಿಚಾರಣೆ ಸಾಕು. ಮನವಿ ಎರಡು ಬಾರಿ ಬಿದ್ದು, ಕಾರಣವನ್ನೂ ಹೇಳದಿದ್ದರೆ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ತಾಣಗಳು ಆ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಪ್ರಕಟಿಸಿರಬೇಕು, ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು, ನಿಗದಿತ ಅವಧಿಯೊಳಗೆ ಇತ್ಯರ್ಥಪಡಿಸಬೇಕು. ಅಲ್ಲಿಗೂ ಅದೇ ಒಂದು ಪುಟದ ಮನವಿಯನ್ನೇ ಕಳುಹಿಸಿ, ಹಿಂದಿನ ಉತ್ತರಗಳ ದಿನಾಂಕ ಸೇರಿಸಿ. ದೂರು ಬಂದಿರುವುದು ಒಂದು ಬ್ರ್ಯಾಂಡಿನ ಮಾಲೀಕರಿಂದ, ನಕಲಿ ಸರಕು ಎಂದಾದರೆ ಮಾತ್ರ ದಾರಿ ಬೇರೆ. ಆಗ ದೂರು ಕೊಟ್ಟವರೇ ಅದನ್ನು ಹಿಂಪಡೆಯದೆ ತಾಣದವರು ಸಾಮಾನ್ಯವಾಗಿ ಅಲುಗಾಡುವುದಿಲ್ಲ. ಮೊದಲ ಪತ್ರ ಅವರಿಗೇ ಹೋಗಬೇಕು.

ಫೆಬ್ರವರಿ 9ರಂದು ಖಾತೆ ತೆರೆಯಿತು.

ಖಾತೆ ನಿಂತಿರುವಾಗ ಜಿಎಸ್‌ಟಿ

ಮಾರಾಟವೇ ಇಲ್ಲವಲ್ಲ ಎಂದು ಈ ಹೊತ್ತಿನಲ್ಲಿ ಹಲವರು ಜಿಎಸ್‌ಟಿ ವಿವರ ಸಲ್ಲಿಸುವುದನ್ನು ನಿಲ್ಲಿಸಿಬಿಡುತ್ತಾರೆ. ಮಾರಾಟ ಶೂನ್ಯವಾದರೂ ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಸಲೇಬೇಕು. ಶೂನ್ಯ ವಿವರಕ್ಕೂ ತಡವಾದರೆ ದಿನಕ್ಕೆ 20 ರೂಪಾಯಿ ಶುಲ್ಕ. ಶುಲ್ಕ ದೊಡ್ಡದಲ್ಲ. ಆದರೆ ತಿಂಗಳುಗಟ್ಟಲೆ ಬಿಟ್ಟರೆ ನೋಂದಣಿಯೇ ಅಮಾನತಾಗುತ್ತದೆ, ಮುಂದೆ ರದ್ದೂ ಆಗುತ್ತದೆ. ಅಷ್ಟರಲ್ಲಿ ತಾಣದವರು ನಿಮ್ಮ ಮನವಿ ಒಪ್ಪಿ ಜಿಎಸ್‌ಟಿ ಸಂಖ್ಯೆ ಪರಿಶೀಲಿಸಿದರೆ ಅದು ಚಾಲ್ತಿಯಲ್ಲಿಲ್ಲ ಎಂದು ತೋರಿಸುತ್ತದೆ. ತಾಣದವರು ನಿಮ್ಮ ಮಾರಾಟದ ಮೇಲೆ ಮೂಲದಲ್ಲಿಯೇ ಹಿಡಿದ ತೆರಿಗೆಯೂ ಪೋರ್ಟಲಿನಲ್ಲಿ ನೀವು ಒಪ್ಪಿಕೊಂಡ ಮೇಲಷ್ಟೇ ನಿಮ್ಮ ನಗದು ಲೆಜರಿಗೆ ಬರುತ್ತದೆ. ಕೈಯಲ್ಲಿ ಕಾಸಿಲ್ಲದ ಆ ತಿಂಗಳಲ್ಲಿ ಅದನ್ನು ನೋಡಲು ಮರೆಯಬೇಡಿ.

ಮತ್ತೆ ಬೀಳದಂತೆ

ಸೀಲ್ ಹಾಕುವುದು, ಕಂಠದಲ್ಲಿ ಒಂದು ಬೆರಳಿನಷ್ಟು ಜಾಗ ಬಿಡುವುದು, ಇವು ಎರಡೇ ದಿನದಲ್ಲಿ ರೂಢಿಯಾದವು. ತಲೆಕೆಳಗಾಗಿ ಇಡುವ ಪರೀಕ್ಷೆ ಅತ್ತಿಗೆಯದೇ ಯೋಚನೆ. ಸಂಜೆ ಹಳೆಯ ದಿನಪತ್ರಿಕೆ ಹಾಸಿ ಬಾಟಲಿಗಳನ್ನು ಮಗುಚಿ ಇಡುತ್ತಾರೆ. ಬೆಳಿಗ್ಗೆ ಕಾಗದದ ಮೇಲೆ ಎಣ್ಣೆಯ ಉಂಗುರ ಮೂಡಿದ್ದರೆ ಆ ಬಾಟಲಿ ಹೊರಗೆ. ಇದಕ್ಕೆ ಒಂದು ಎಚ್ಚರಿಕೆ: ಚಳಿಗಾಲದ ರಾತ್ರಿ ಎಣ್ಣೆ ಗಟ್ಟಿಯಾದರೆ ತೂತಿದ್ದರೂ ಸೋರುವುದಿಲ್ಲ, ಪರೀಕ್ಷೆ ಸುಳ್ಳು ಹೇಳುತ್ತದೆ. ಆದ್ದರಿಂದ ಡಿಸೆಂಬರ್, ಜನವರಿಯಲ್ಲಿ ಇದನ್ನು ಹಗಲಿನಲ್ಲಿ, ಬಿಸಿಲು ಬೀಳುವ ಜಗಲಿಯಲ್ಲಿ ಮಾಡುತ್ತೇವೆ.

ಉತ್ಪನ್ನದ ಪುಟದಲ್ಲಿ ಎರಡನೆಯ ಚಿತ್ರವೇ ಗಟ್ಟಿಯಾದ ಎಣ್ಣೆಯ ಬಾಟಲಿ. ಪಕ್ಕದಲ್ಲಿ ಅದೇ ಬಾಟಲಿ ಉಗುರುಬೆಚ್ಚಗಿನ ನೀರಿನಲ್ಲಿ ನಿಂತು ತಿಳಿಯಾಗುತ್ತಿರುವ ಚಿತ್ರ. ಕೊನೆಯ ಸಾಲಿನಲ್ಲಿ ಬರೆದ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಪೆಟ್ಟಿಗೆಯೊಳಗೂ ಹಿಂದಿಯಲ್ಲಿ ಒಂದು ಚೀಟಿ ಹಾಕುತ್ತೇವೆ. ಚೀಟಿಯಲ್ಲಿ ‘ಒಳ್ಳೆಯ ಅಭಿಪ್ರಾಯ ಬರೆಯಿರಿ’ ಎಂದು ಕೇಳುವ ಆಸೆ ಬೇಡ, ಅದೇ ಇನ್ನೊಂದು ಅಮಾನತಿಗೆ ದಾರಿ. ಪ್ರತಿ ಸೋಮವಾರ ಹತ್ತು ನಿಮಿಷ ಮರಳಿಕೆಯ ವರದಿಯನ್ನು ನೋಡುತ್ತೇನೆ. ಒಂದೇ ಮಾತು ಎರಡು ಸಲ ಕಂಡರೆ ಆ ದಿನ ತುಂಬಿದ ಬಾಟಲಿಗಳನ್ನು ತಡೆದು ತೆರೆದು ನೋಡುತ್ತೇವೆ. ದೂರು ಹನ್ನೊಂದಾಗುವವರೆಗೆ ಕಾಯುವುದಿಲ್ಲ.

ಫ್ರೀಲಾನ್ಸ್ ಕೆಲಸದವರಿಗೂ ಮನವಿಯ ಮೂರು ಭಾಗ ಇದೇ, ತಪ್ಪಿನ ಬಗೆ ಬೇರೆ. ನನಗೆ ಪರಿಚಯದ, ತುಮಕೂರಿನಲ್ಲಿ ವಿನ್ಯಾಸದ ಕೆಲಸ ಮಾಡುವ ಹುಡುಗಿಯೊಬ್ಬಳ ಖಾತೆ ನಿಂತದ್ದು ಗ್ರಾಹಕನಿಗೆ ಚಾಟಿನಲ್ಲಿ ತನ್ನ ವಾಟ್ಸ್‌ಆ್ಯಪ್ ಸಂಖ್ಯೆ ಕೊಟ್ಟದ್ದಕ್ಕೆ. ತಾಣದ ಹೊರಗೆ ಹಣ ಪಡೆಯುವ ಪ್ರಯತ್ನ ಎಂದು ಅವರು ಎಣಿಸಿದರು. ಅವಳು ವಾದಿಸಲಿಲ್ಲ. ಕೊಟ್ಟದ್ದು ನಿಜ, ಯಾವ ದಿನ ಯಾವ ಸಂದೇಶದಲ್ಲಿ ಕೊಟ್ಟೆ, ಹೊರಗೆ ಹಣ ಪಡೆದಿಲ್ಲ, ಆ ಗ್ರಾಹಕರ ಎಲ್ಲ ಪಾವತಿಯೂ ತಾಣದ ಮೂಲಕವೇ ಬಂದಿದೆ ಎಂದು ಪಾವತಿಗಳ ಪಟ್ಟಿ ಸೇರಿಸಿ ಆರು ಸಾಲು ಬರೆದಳು. ಖಾತೆ ತೆರೆಯಿತು. ಆದರೆ ಮುಂದೆ ಗುರುತಿನ ಪರಿಶೀಲನೆಯಲ್ಲಿ ಮತ್ತೆ ಸಿಕ್ಕಿಕೊಂಡಳು, ಮತ್ತು ಈ ಸಲ ಕಾರಣ ನಮ್ಮೆಲ್ಲರದು: ಇನಿಶಿಯಲ್. ಆಧಾರಿನಲ್ಲಿ ಹೆಸರಿನ ಹಿಂದೆ ಒಂದಕ್ಷರ, ಪ್ಯಾನಿನಲ್ಲಿ ಅದೇ ಅಕ್ಷರ ಬಿಡಿಸಿ ತಂದೆಯ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಹೆಸರಿನ ಮುಂದೆ ಊರು. ಮೂರನ್ನೂ ಹೊಂದಿಸುವ ಯಂತ್ರಕ್ಕೆ ಇವರು ಮೂವರು. ಪ್ಯಾನಿನಲ್ಲಿರುವಂತೆಯೇ ಉಳಿದೆಲ್ಲ ಕಡೆ ಮಾಡಿಸಿಕೊಳ್ಳುವುದು ಸುಲಭದ ದಾರಿ, ಏಕೆಂದರೆ ಜಿಎಸ್‌ಟಿ ಸಂಖ್ಯೆಯೊಳಗೇ ಪ್ಯಾನ್ ಸಂಖ್ಯೆ ಕುಳಿತಿರುತ್ತದೆ.

ವಿಳಾಸದ ಕಥೆಯೂ ಇದೇ. ಖಾತೆ ತೆರೆದ ಮೇಲೆ ನಾನು ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ ನೋಡಿದೆ. ಜಿಎಸ್‌ಟಿ ಪ್ರಮಾಣಪತ್ರದಲ್ಲಿ ಮನೆಯ ವಿಳಾಸ ಮಾತ್ರ ಇತ್ತು, ಸರಕು ಹೊರಡುವ ಗಾಣದ ಶೆಡ್ ಇರಲಿಲ್ಲ. ಅದನ್ನು ಹೆಚ್ಚುವರಿ ವ್ಯವಹಾರ ಸ್ಥಳವಾಗಿ ಸೇರಿಸಲು ಪೋರ್ಟಲಿನಲ್ಲಿಯೇ ಅರ್ಜಿ ಹಾಕಬಹುದು. ಇದು ಅಧಿಕಾರಿಯ ಒಪ್ಪಿಗೆ ಬೇಕಾದ ತಿದ್ದುಪಡಿ, ತಕ್ಷಣ ಆಗುವುದಲ್ಲ. ಅರ್ಜಿಗೆ ಆ ಸ್ಥಳದ ವಿದ್ಯುತ್ ಬಿಲ್ ಬೇಕು. ಬೆಸ್ಕಾಂ ಬಿಲ್ ತೆಗೆದರೆ, ತೀರಿಕೊಂಡು ಹದಿನೈದು ವರ್ಷವಾದ ಅಜ್ಜನ ಹೆಸರಿನಲ್ಲಿಯೇ ಇನ್ನೂ ಬರುತ್ತಿತ್ತು. ಆರ್.ಆರ್. ನಂಬರ್ ಬರೆದುಕೊಂಡು, ಮರಣ ಪ್ರಮಾಣಪತ್ರ, ವಂಶವೃಕ್ಷ, ಚಿಕ್ಕಪ್ಪಂದಿರ ಒಪ್ಪಿಗೆ ಪತ್ರ ಹಿಡಿದು ಹೆಸರು ಬದಲಾವಣೆಗೆ ಅರ್ಜಿ ಕೊಟ್ಟೆ. ಚಿಕ್ಕಪ್ಪಂದಿರ ಸಹಿ ಪಡೆಯುವುದು ತಾಣದ ಮನವಿಗಿಂತ ಹೆಚ್ಚು ದಿನ ತೆಗೆದುಕೊಂಡಿತು.